ಮೇಡಂ, ಸೋಮವಾರ ಕೊಡ್ಲಿಕ್ಕೆ ಆಗುದಿಲ್ಲ

ಅಕ್ಟೋಬರ್ ತಿಂಗಳಲ್ಲಿ ನಮ್ಮ ಮುಂಡಾಜೆಯ ಆಕಾಶವನ್ನು ಮಧ್ಯಾಹ್ನ ಮೂರರವರೆಗೆ ನಂಬಬಹುದು. ನಾಲ್ಕಕ್ಕೆ ಚಾರ್ಮಾಡಿ ಘಾಟಿಯ ಕಡೆಯಿಂದ ಕಪ್ಪಾಗಲು ಶುರು. ಐದಕ್ಕೆ ಗುಡುಗು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಡ್ಯೂಟಿ ಉಂಟು. ಅಮ್ಮ ಅಂಗಳದ ಅಡಿಕೆಗೆ ಟಾರ್ಪಾಲು ಎಳೆಯುವುದು, ಅಪ್ಪ ಟಿವಿ, ಫ್ರಿಜ್, ವೈಫೈ ಎಲ್ಲದರ ಪ್ಲಗ್ ಎಳೆಯುವುದು. ಸ್ವಿಚ್ ಆಫ್ ಮಾಡಿದರೆ ಸಾಕಾಗುವುದಿಲ್ಲ, ಪ್ಲಗ್ಗೇ ಗೋಡೆಯಿಂದ ಹೊರಗೆ ಬರಬೇಕು. ಹತ್ತಿರದಲ್ಲಿ ಬೀಳುವ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೂದಲೆಳೆಯಷ್ಟು ಜಾಗ ಹಾರುವುದು ದೊಡ್ಡ ವಿಷಯ ಅಲ್ಲ. ನಾವು ನಂಬಿಕೊಂಡಿರುವ ಸ್ಪೈಕ್ ಗಾರ್ಡ್‌ಗೂ ಅದನ್ನು ತಡೆಯುವ ತಾಕತ್ತು ಇಲ್ಲ.

ಆ ಗುರುವಾರ ಅಪ್ಪ ಬಾಗಿಲಲ್ಲಿ ನಿಂತು "ನಿಂದು ತೆಗಿ" ಅಂದರು. "ಐದು ನಿಮಿಷ ಅಪ್ಪ" ಅಂದೆ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಮುದಿಯಾಗಿತ್ತು, ಚಾರ್ಜರ್ ತೆಗೆದರೆ ನಲವತ್ತು ನಿಮಿಷವೂ ಬರುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಡೆಲಿವರಿ. ಒಂದು ಪ್ಯಾರಾ ಮುಗಿಸಿ ತೆಗೆಯುವ ಅಂತ ಇದ್ದೆ. ತೋಟದ ಆಚೆ ಎಲ್ಲೋ ಬಿತ್ತು. ಬೆಳಕು ಮತ್ತು ಶಬ್ದ ಒಟ್ಟಿಗೇ ಬಂದವು, ಅಂದರೆ ಅಷ್ಟು ಹತ್ತಿರ. ಮನೆಯ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಪರದೆಯೂ ಹೋಯಿತು. ಕರೆಂಟು ಹೋದರೆ ಲ್ಯಾಪ್‌ಟಾಪ್ ಹೋಗಬಾರದಲ್ಲ ಅಂತ ನನಗೆ ಹೊಳೆಯಲು ಎರಡು ಸೆಕೆಂಡ್ ಬೇಕಾಯಿತು.

ನಾನು ಮನೆಯಿಂದಲೇ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಯಾವ ಕಂಪನಿಯ ನೌಕರಿಯೂ ಇಲ್ಲ, ಬಂದ ಕೆಲಸಕ್ಕೆ ಬಂದಷ್ಟು ದುಡ್ಡು. ಆಗ ಕೈಯಲ್ಲಿದ್ದದ್ದು ಜೇನು ಸಾಕಣೆಯ ಕೈಪಿಡಿ. ಬೆಂಗಳೂರಿನ ಸಣ್ಣ ಸಂಸ್ಥೆಯೊಂದು ಸ್ವಸಹಾಯ ಸಂಘದ ಹೆಂಗಸರ ತರಬೇತಿಗೆ ಮಾಡಿಸುತ್ತಿದ್ದದ್ದು. ಹನ್ನೆರಡು ಅಧ್ಯಾಯ, ಮೂಲದಲ್ಲಿ 18,000 ಪದ. ಮೊದಲ ನಾಲ್ಕು ಅಧ್ಯಾಯ, ಅಂದರೆ 6,000 ಪದ, ಹತ್ತು ದಿನ ಮೊದಲೇ ಕಳಿಸಿ, ಅವರು ನೋಡಿ, ತಿದ್ದಿ ಆಗಿತ್ತು. ಐದರಿಂದ ಒಂಬತ್ತರವರೆಗಿನ 7,400 ಪದ ಅನುವಾದ ಆಗಿ ನನ್ನ ಯಂತ್ರದಲ್ಲಿತ್ತು. ಉಳಿದ ಮೂರು ಅಧ್ಯಾಯ, 4,600 ಪದ, ಆಗಬೇಕಿತ್ತು.

ಬ್ಯಾಕಪ್? ಇತ್ತು. ಇತ್ತು ಅಂತ ನಾನು ತಿಳಿದುಕೊಂಡಿದ್ದೆ. ಕ್ಲೌಡಿನಲ್ಲಿ ಉಚಿತವಾಗಿ ಸಿಕ್ಕಿದ 5 ಜಿಬಿ ಜಾಗ ನನ್ನ ಅಕ್ಕನ ಮಗಳ ನಾಮಕರಣದ ವಿಡಿಯೋಗಳಿಂದ ಮೂರು ವಾರದ ಹಿಂದೆಯೇ ತುಂಬಿ, ಹೊಸ ಫೈಲ್ ಮೇಲೆ ಹೋಗುವುದು ನಿಂತಿತ್ತು. ಪರದೆಯ ಮೂಲೆಯಲ್ಲಿ ಅದು ಪ್ರತಿದಿನ ಎಚ್ಚರಿಕೆಯ ಗುರುತು ತೋರಿಸುತ್ತಿತ್ತು. ನಾನು ಪ್ರತಿದಿನ ಅದನ್ನು ಮುಚ್ಚುತ್ತಿದ್ದೆ. ಕತ್ತಲೆಯಲ್ಲಿ ಫೋನಿನಿಂದ ಕ್ಲೌಡ್ ತೆರೆದು ನೋಡಿದಾಗ ಕೊನೆಯ ಫೈಲಿನ ತಾರೀಕು ನೋಡಿ ಹೊಟ್ಟೆಯಲ್ಲಿ ಏನೋ ಆಯಿತು.

ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದೆ. ಕರೆಂಟು ಬಂದ ಮೇಲೆ ಚಾರ್ಜರ್ ಹಾಕಿದೆ. ಪಕ್ಕದ ಸಣ್ಣ ದೀಪವೂ ಹತ್ತಲಿಲ್ಲ. ಇನ್ನು ಮೇಡಂಗೆ ಬರೆಯಬೇಕು.

ಫೋನಿನಲ್ಲಿ ಬರೆದ ಮೊದಲ ಡ್ರಾಫ್ಟ್ ಇನ್ನೂ ನನ್ನ ಹತ್ತಿರ ಉಂಟು. ಈಗ ಓದಿದರೆ ನಾಚಿಕೆ ಆಗುತ್ತದೆ. ಸಿಡಿಲಿನ ವರ್ಣನೆಯೇ ಎಂಟು ಸಾಲು. ನಮ್ಮ ಊರಿನ ಮಳೆ, ಕರೆಂಟು, ಬ್ಯಾಟರಿ, ಆರು ಸಲ ಸಾರಿ. ಕೊನೆಯಲ್ಲಿ "ಹೇಗಾದರೂ ಮಾಡಿ ಸೋಮವಾರವೇ ಕೊಡಲು ಪ್ರಯತ್ನಿಸುತ್ತೇನೆ". ಈ ಒಂದು ವಾಕ್ಯ ಶುದ್ಧ ಸುಳ್ಳು. ಯಂತ್ರದ ಒಳಗೆ ಏನು ಉಳಿದಿದೆ ಎಂದೇ ಗೊತ್ತಿಲ್ಲದವಳು ಸೋಮವಾರದ ಮಾತು ಆಡುವುದು ಹೇಗೆ? ಇನ್ನೊಂದು ಯೋಚನೆಯೂ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಸೋಮವಾರ ತೆರೆಯದ ಒಂದು ಫೈಲ್ ಕಳಿಸಿ, ಅವರು "ಓಪನ್ ಆಗ್ತಾ ಇಲ್ಲ" ಅಂದಾಗ "ಹೌದಾ, ಇನ್ನೊಮ್ಮೆ ಕಳಿಸ್ತೇನೆ" ಅಂತ ಎರಡು ದಿನ ತಳ್ಳುವುದು. ಈ ಉಪಾಯ ನಾನು ಕಂಡುಹಿಡಿದದ್ದಲ್ಲ, ಫ್ರೀಲ್ಯಾನ್ಸ್ ಮಾಡುವವರಿಗೆಲ್ಲ ಗೊತ್ತಿರುವುದೇ.

ಅಪ್ಪ ಮೇಣದ ಬತ್ತಿ ಹಿಡಿದುಕೊಂಡು ಬಂದು ಎದುರು ಕೂತರು. "ನಾನು ಹೇಳಿದ್ದೆ" ಅಂತ ಹೇಳಲಿಲ್ಲ, ಅದೇ ದೊಡ್ಡದು. "ಅವರಿಗೆ ಹೇಳಿದ್ಯಾ?" ಅಂತ ಕೇಳಿದರು.

"ನಾಳೆ ಹೇಳ್ತೇನೆ ಅಪ್ಪ. ರಿಪೇರಿಯವರು ನೋಡ್ಲಿ, ಪೂರ್ತಿ ಗೊತ್ತಾಗ್ಲಿ."

"ಆ ವರ್ಷ ಮದ್ದು ಬಿಡುವವ ಮಾಡಿದ್ದೂ ಅದೇ" ಅಂದರು.

ನನಗೆ ನೆನಪಾಯಿತು. ಅಡಿಕೆ ತೋಟ ಇರುವವರಿಗೆ ಗೊತ್ತಿರುತ್ತದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದಕ್ಕೆ ಮಳೆಗಾಲದಲ್ಲಿ ಎರಡು ಬಿಸಿಲು ಸಿಕ್ಕಿದರೆ ಪುಣ್ಯ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುವುದು. ಸೇರಿಸಿದ ಮೇಲೆ ಅದೇ ದಿನ ಬಿಡಬೇಕು, ಮರುದಿನಕ್ಕೆ ಅದು ಪ್ರಯೋಜನ ಇಲ್ಲ. ಆ ವರ್ಷ ಮರ ಹತ್ತುವವ ಮಂಗಳವಾರ ಬರ್ತೇನೆ ಅಂದಿದ್ದ. ಅಪ್ಪ ಬೆಳಿಗ್ಗೆ ಆರಕ್ಕೇ ಎರಡು ಡ್ರಮ್ ಕಲಸಿ ಕಾದರು. ಫೋನ್ ಹೋಗುತ್ತಿತ್ತು, ಎತ್ತುತ್ತಿರಲಿಲ್ಲ. ಮಧ್ಯಾಹ್ನ ಮಳೆ ಹಿಡಿಯಿತು, ಮತ್ತೆ ಹತ್ತು ದಿನ ಬಿಡಲಿಲ್ಲ. ಮದ್ದೂ ಹೋಯಿತು, ಮರದ ಬುಡದಲ್ಲಿ ಕಾಯಿ ಉದುರಲೂ ಶುರುವಾಯಿತು. ಆಮೇಲೆ ಗೊತ್ತಾದದ್ದು, ಅವನ ಹೆಂಡತಿಯನ್ನು ಹಿಂದಿನ ರಾತ್ರಿ ಆಸ್ಪತ್ರೆಗೆ ಸೇರಿಸಿದ್ದರು ಅಂತ.

"ಅವನಿಗೆ ಬರ್ಲಿಕ್ಕೆ ಆಗದ ಕಾರಣ ದೊಡ್ಡದೇ. ನಾನು ಬೈದದ್ದೂ ಇಲ್ಲ" ಅಂದರು ಅಪ್ಪ. "ಆದ್ರೆ ಸೋಮವಾರ ರಾತ್ರಿ ಒಂದು ಮಾತು ಹೇಳಿದ್ರೆ ನಾನು ಮದ್ದು ಕಲಸ್ತಾ ಇರ್ಲಿಲ್ಲ. ಕಕ್ಕಿಂಜೆಯಿಂದ ಬೇರೆ ಜನ ಕರೆಸ್ತಿದ್ದೆ."

ಬೆಂಗಳೂರಿನಲ್ಲಿ ನಮ್ಮ ಮೇಡಂ ಏನೇನು ಕಲಸಿಟ್ಟಿದ್ದಾರೋ ನನಗೆ ಗೊತ್ತಿರಲಿಲ್ಲ. ಪುಟ ಜೋಡಿಸುವವರನ್ನು ಹೇಳಿಟ್ಟಿರಬಹುದು, ಪ್ರೆಸ್ಸಿಗೆ ದಿನ ಕೊಟ್ಟಿರಬಹುದು. ಎಂಟು ಸಾಲಿನ ಸಿಡಿಲನ್ನು ಅಳಿಸಿದೆ. ಏಳು ಗಂಟೆಗೆ, ಘಟನೆ ಆಗಿ ಎರಡು ಗಂಟೆಯೊಳಗೆ, ಇಷ್ಟೇ ಕಳಿಸಿದೆ:

"ಮೇಡಂ, ಈಗ ಸಂಜೆ ಸಿಡಿಲಿಗೆ ನನ್ನ ಲ್ಯಾಪ್‌ಟಾಪ್ ಕೆಟ್ಟಿದೆ, ಆನ್ ಆಗುತ್ತಿಲ್ಲ. ಸೋಮವಾರ ಕೊಡಲು ಆಗುವುದಿಲ್ಲ. ಎಷ್ಟು ದಿನ ತಡ ಅಂತ ಈಗ ಹೇಳಿದರೆ ಅದು ಬರೀ ಊಹೆ. ನಾಳೆ ಬೆಳಿಗ್ಗೆ ಉಜಿರೆಯಲ್ಲಿ ತೋರಿಸುತ್ತೇನೆ. ಮಧ್ಯಾಹ್ನ 12ರ ಒಳಗೆ ಏನು ಉಳಿದಿದೆ, ಯಾವಾಗ ಕೊಡಬಹುದು ಎಂದು ಬರೆದು ಕಳಿಸುತ್ತೇನೆ."

ಕೆಲಸದ ತಾರೀಕು ಕೊಡಲು ಆಗದಿದ್ದರೂ ಮುಂದಿನ ಸುದ್ದಿ ಎಷ್ಟು ಗಂಟೆಗೆ ಅಂತ ಹೇಳಲು ಆಗುತ್ತದೆ ಎಂಬುದು ಬರೆಯುವಾಗಲೇ ಹೊಳೆದದ್ದು. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಆ ರಾತ್ರಿ ನಿದ್ದೆ ಎಷ್ಟು ಬಂತು ಕೇಳಬೇಡಿ.

ಶುಕ್ರವಾರ ಮೊದಲ ಬಸ್ಸಿಗೆ ಸೋಮಂತಡ್ಕದಲ್ಲಿ ಹತ್ತಿ ಉಜಿರೆಗೆ ಹೋದೆ. ರಿಪೇರಿಯ ಹುಡುಗ ಮಲ್ಟಿಮೀಟರ್ ಹಿಡಿದು ಮೊದಲು ಚಾರ್ಜರ್ ನೋಡಿದ. 19 ವೋಲ್ಟ್ ಬರಬೇಕಾದಲ್ಲಿ ಸೊನ್ನೆ. ಬೇರೆ ಚಾರ್ಜರ್ ಹಾಕಿದರೂ ದೀಪ ಇಲ್ಲ. ಹಿಂದಿನ ಮುಚ್ಚಳ ತೆರೆದಾಗ ಸುಟ್ಟ ವಾಸನೆ ನನಗೂ ಬಂತು. "ಬೋರ್ಡ್ ಹೋಗಿದೆ ಅಕ್ಕ. ಮಂಗಳೂರಿಗೆ ಕಳಿಸ್ಬೇಕು, ಒಂದು ವಾರ ಹತ್ತು ದಿನ. ಹೊಸ ವಿಂಡೋಸ್ ಹಾಕಿ ಫ್ರೆಶ್ ಮಾಡಿ ಕೊಡ್ತೇವೆ."

ಆ ಫ್ರೆಶ್ ಎಂಬ ಶಬ್ದ ಕೇಳಿ ಎಚ್ಚರವಾದೆ. ಹೊಸದಾಗಿ ವಿಂಡೋಸ್ ಹಾಕುವಾಗ ಡಿಸ್ಕ್ ಒರೆಸಿದರೆ ನನ್ನ ಐದು ಅಧ್ಯಾಯವೂ ಫ್ರೆಶ್ ಆಗಿ ಹೋಗುತ್ತದೆ. ಅವನದ್ದು ತಪ್ಪಿಲ್ಲ, ಹೆಚ್ಚಿನವರಿಗೆ ಯಂತ್ರ ಸರಿಯಾದರೆ ಸಾಕು. ನನಗೆ ಯಂತ್ರ ಆಮೇಲೆ. ಡಿಸ್ಕ್ ಬಿಚ್ಚಿ ನನ್ನ ಕೈಗೆ ಕೊಡು, ಉಳಿದದ್ದು ಮಾತ್ರ ಮಂಗಳೂರಿಗೆ ಹೋಗಲಿ ಅಂದೆ. ಒಂದೇ ಸ್ಕ್ರೂ. ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ಉದ್ದದ ಒಂದು ಹಸಿರು ಚೂರು. ನನ್ನ ಮೂರು ವಾರದ ಕೆಲಸ ಅದರಲ್ಲಿತ್ತು, ಅಥವಾ ಇರಲಿಲ್ಲ.

ಬೋರ್ಡ್ ಸುಟ್ಟರೆ ಡಿಸ್ಕೂ ಸುಟ್ಟಿರಬೇಕೆಂದಿಲ್ಲ, ಎಷ್ಟೋ ಸಲ ಅದು ಉಳಿಯುತ್ತದೆ. ಆದರೆ ಉಳಿದಿದೆಯೇ ಎಂದು ತಿಳಿಯಲು ಇನ್ನೊಂದು ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಹಚ್ಚುವ ಪುಟ್ಟ ಪೆಟ್ಟಿಗೆ ಬೇಕು, ಎನ್‌ಕ್ಲೋಷರ್ ಅಂತ ಕೇಳಿದರೆ ಕೊಡುತ್ತಾರೆ. ಇದರಲ್ಲೊಂದು ತೊಡಕು. ಈ ಪಟ್ಟಿಯಂಥ ಡಿಸ್ಕಿನಲ್ಲಿ ಎನ್‌ವಿಎಂಇ, ಸಾಟಾ ಅಂತ ಎರಡು ಜಾತಿ. ನೋಡಲು ಅಣ್ಣತಮ್ಮಂದಿರ ಹಾಗೆ. ಒಂದರ ಪೆಟ್ಟಿಗೆಯಲ್ಲಿ ಇನ್ನೊಂದು ಕೆಲಸ ಮಾಡಲಿಕ್ಕಿಲ್ಲ. ನಾನು ಡಿಸ್ಕನ್ನೇ ಕೈಯಲ್ಲಿ ಹಿಡಿದು ತೋರಿಸಿ ತೆಗೆದುಕೊಂಡದ್ದರಿಂದ ಬಚಾವಾದೆ.

ಗಂಟೆ ಹನ್ನೊಂದೂಮುಕ್ಕಾಲು. ಪರೀಕ್ಷೆ ಮಾಡಲು ಕಂಪ್ಯೂಟರ್ ಇನ್ನೂ ಸಿಕ್ಕಿರಲಿಲ್ಲ. ಆದರೆ ಹನ್ನೆರಡು ಅಂತ ಹೇಳಿದ್ದೆನಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು, ಚೀಟಿಯ ಹಿಂದೆ ಲೆಕ್ಕ ಹಾಕಿದೆ.

ಹೊಸದಾಗಿ ಅನುವಾದ ಮಾಡುವಾಗ ನನ್ನ ವೇಗ ದಿನಕ್ಕೆ 1,500 ಪದ. ಒಮ್ಮೆ ಮಾಡಿದ್ದನ್ನೇ ಮತ್ತೆ ಮಾಡುವುದಾದರೆ ತಲೆಯಲ್ಲಿ ವಾಕ್ಯ ಇರುತ್ತದೆ, 2,000 ಆಗಬಹುದು. ಡಿಸ್ಕ್ ತೆರೆದರೆ ಉಳಿದ ಕೆಲಸ 4,600 ಪದ, ಮೂರು ದಿನ. ಕೊನೆಯ ಓದಿಗೆ ಒಂದು ದಿನ. ತೆರೆಯದಿದ್ದರೆ ಕಳೆದುಹೋದ 7,400ಕ್ಕೆ ನಾಲ್ಕು ದಿನ, ಹೊಸತಕ್ಕೆ ಮೂರು, ಓದಿಗೆ ಒಂದು. ಭಾನುವಾರದಿಂದ ಎಣಿಸಿದರೆ ಮೊದಲನೆಯದು ಗುರುವಾರ ಬೆಳಿಗ್ಗೆಗೆ ಮುಟ್ಟುತ್ತದೆ, ಎರಡನೆಯದು ಅದರ ಮುಂದಿನ ಸೋಮವಾರಕ್ಕೆ. "ರಾತ್ರಿ ಹಗಲು ಕೂತು ಬುಧವಾರವೇ ಕೊಡ್ತೇನೆ" ಅಂತ ಬರೆಯಲು ಕೈ ತುರಿಸುತ್ತಿತ್ತು. ಆದರೆ ಎರವಲು ಕಂಪ್ಯೂಟರ್, ಸಂಜೆಯಾದರೆ ಗುಡುಗು. ಒಮ್ಮೆ ತಪ್ಪಿದ ತಾರೀಕಿಗೆ ಕಾರಣ ಹೇಳಬಹುದು. ಎರಡನೇ ತಾರೀಕೂ ತಪ್ಪಿದರೆ ಮೇಡಂ ಮುಂದೆ ಯಾವುದನ್ನೂ ನಂಬಲಿಕ್ಕಿಲ್ಲ. ಹಾಗಾಗಿ ಲೆಕ್ಕ ಬಂದದ್ದನ್ನೇ ಬರೆದೆ. ಕಳಿಸಿದ ಮೇಲ್ ಇದು:

"ಮೇಡಂ, ನಮಸ್ಕಾರ.

ಜೇನು ಕೈಪಿಡಿ ಸೋಮವಾರದ ಬದಲು ಗುರುವಾರ ಬೆಳಿಗ್ಗೆ 10ಕ್ಕೆ, ಅಥವಾ ಅದರ ಮುಂದಿನ ಸೋಮವಾರ ಬೆಳಿಗ್ಗೆ 10ಕ್ಕೆ ಸಿಗುತ್ತದೆ. ಎರಡರಲ್ಲಿ ಯಾವುದು ಎಂದು ನಾಳೆ ಶನಿವಾರ ಮಧ್ಯಾಹ್ನ 12ರ ಒಳಗೆ ಹೇಳುತ್ತೇನೆ.

ಕಾರಣ: ಸಿಡಿಲಿನಿಂದ ಲ್ಯಾಪ್‌ಟಾಪಿನ ಬೋರ್ಡ್ ಸುಟ್ಟಿದೆ. ಡಿಸ್ಕ್ ಬೇರೆ ತೆಗೆಸಿದ್ದೇನೆ, ಅದು ತೆರೆಯುತ್ತದೋ ಎಂದು ಇವತ್ತು ಸಂಜೆ ನೋಡುತ್ತೇನೆ. ನನ್ನ ಕ್ಲೌಡ್ ಬ್ಯಾಕಪ್ ಮೂರು ವಾರದಿಂದ ನಿಂತಿತ್ತು, ನಾನು ಗಮನಿಸಿರಲಿಲ್ಲ. ಅದು ನನ್ನ ತಪ್ಪು.

ಸುರಕ್ಷಿತ ಇರುವುದು: 1ರಿಂದ 4ನೇ ಅಧ್ಯಾಯ, ನೀವು ತಿದ್ದಿದ ಪ್ರತಿ ನಿಮ್ಮಲ್ಲೇ ಇದೆ. ಅನುಮಾನದಲ್ಲಿರುವುದು: 5ರಿಂದ 9. ಇನ್ನೂ ಆಗಬೇಕಾದದ್ದು: 10ರಿಂದ 12. ಡಿಸ್ಕ್ ತೆರೆದರೆ ಗುರುವಾರ, ತೆರೆಯದಿದ್ದರೆ 5ರಿಂದ 9 ಮತ್ತೆ ಮಾಡಬೇಕಾದ್ದರಿಂದ ಆ ಸೋಮವಾರ.

ಕೆಲಸಕ್ಕೆ ಬೇರೆ ಲ್ಯಾಪ್‌ಟಾಪ್ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೇನೆ, ರಿಪೇರಿಗೆ ಕಾಯುವುದಿಲ್ಲ. ಇನ್ನು ಮೇಲೆ ಮುಗಿದ ಅಧ್ಯಾಯವನ್ನು ಆ ದಿನವೇ ನಿಮಗೆ ಕಳಿಸುತ್ತೇನೆ. ನಿಮಗೆ ಯಾವುದಾದರೂ ಅಧ್ಯಾಯ ಮೊದಲು ಬೇಕಿದ್ದರೆ ಹೇಳಿ, ಆ ಕ್ರಮದಲ್ಲೇ ಮಾಡುತ್ತೇನೆ. ಈ ತಾರೀಕುಗಳು ನಿಮಗೆ ಆಗದಿದ್ದರೆ 10ರಿಂದ 12 ಬೇರೆಯವರಿಗೆ ಕೊಡಬಹುದು, ಅಷ್ಟರ ಹಣ ನನಗೆ ಬೇಡ, ಪದಗಳ ಪಟ್ಟಿ ನಾನು ಕೊಡುತ್ತೇನೆ.

ತೊಂದರೆಗೆ ಕ್ಷಮೆ ಇರಲಿ."

ಕೊನೆಯ ಪ್ಯಾರಾ ಬರೆಯುವಾಗ ಕೈ ಸ್ವಲ್ಪ ನಡುಗಿತು. 4,600 ಪದದ ಹಣ ಅಂದರೆ ನನ್ನ ಬಿಲ್ಲಿನ ಕಾಲು ಪಾಲು. ಆದರೆ ಮದ್ದು ಬಿಡುವವನ ವಿಷಯದಲ್ಲಿ ಅಪ್ಪನಿಗೆ ಸಿಗದೆ ಹೋದದ್ದು ಅದೇ ಅಲ್ಲವೇ, ಬೇರೆಯವರನ್ನು ಕರೆಯುವ ಅವಕಾಶ.

ಹದಿನೈದು ನಿಮಿಷಕ್ಕೆ ಫೋನ್ ಬಂತು. ಮೇಡಂ ಸಮಾಧಾನದಲ್ಲಿರಲಿಲ್ಲ. "ಬ್ಯಾಕಪ್ ಇಲ್ಲದೆ ಹೇಗ್ರೀ ಕೆಲಸ ಮಾಡ್ತೀರಾ?" ಅಂದರು. ಉತ್ತರ ಇರಲಿಲ್ಲ, ಸುಮ್ಮನಿದ್ದೆ. ಆಮೇಲೆ ಅವರದ್ದೂ ಲೆಕ್ಕ ಶುರುವಾಯಿತು. ಪುಟ ಜೋಡಿಸುವ ಹುಡುಗ ಮಂಗಳವಾರದಿಂದ ಕೂರಬೇಕಿತ್ತು. ನಾಲ್ಕು ಅಧ್ಯಾಯ ಇದೆಯಲ್ಲ, ಅವನು ಅದರಲ್ಲಿ ಶುರುಮಾಡಲಿ. ಕೊನೆಯ ಮೂರು ಅಧ್ಯಾಯ ಬೇರೆಯವರಿಗೆ ಬೇಡ, ಒಂದೇ ಪುಸ್ತಕದಲ್ಲಿ ಎರಡು ಕೈ ಗೊತ್ತಾಗುತ್ತದೆ. "ಆದ್ರೆ ಒಂಬತ್ತನೇ ಅಧ್ಯಾಯ ನಂಗೆ ಸೋಮವಾರವೇ ಬೇಕು. ರೋಗಗಳದ್ದು. ನೋಡಿಕೊಡುವ ತಜ್ಞರು ಮಂಗಳವಾರ ಊರಿಗೆ ಹೋಗ್ತಾರೆ. ನಿಮ್ಮ ಡಿಸ್ಕ್ ತೆರೀಲಿ, ಬಿಡ್ಲಿ."

ಒಂಬತ್ತು ತಜ್ಞರ ಕಣ್ಣು ದಾಟಲೇಬೇಕಾದ ಅಧ್ಯಾಯ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳನ್ನು ರಾಶಿರಾಶಿಯಾಗಿ ಕೊಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದ ವಿಷಯ ಅದರಲ್ಲಿತ್ತು. ನಮ್ಮ ಕಡೆ ಹಳೆಯ ಜೇನು ಕೃಷಿಕರು ಪೆಟ್ಟಿಗೆ ಖಾಲಿಯಾದ ಆ ಕಾಲದ ಕಥೆ ಈಗಲೂ ಹೇಳುತ್ತಾರೆ. ಮರಿಹುಳು ಗೂಡಿನೊಳಗೇ ಸತ್ತು ನೀರು ತುಂಬಿದ ಚೀಲದ ಹಾಗಾಗುವುದನ್ನು ಹೆಂಗಸರಿಗೆ ಗುರುತಾಗುವ ಮಾತಿನಲ್ಲಿ ಹೇಳಲು ನಾನು ಎರಡು ದಿನ ಒದ್ದಾಡಿದ್ದೆ. ನೆರೆಮನೆಯ ಜೇನು ಸಾಕುವ ಮಾಮನ ಹತ್ತಿರ ಕೂತು ಒಂದೊಂದು ಪದ ಕೇಳಿ ಪಟ್ಟಿ ಮಾಡಿದ್ದೆ. ಮರಿ ಬೆಳೆಯುವ ಅಡಿಯ ಪೆಟ್ಟಿಗೆಗೆ ಅವರು ಸಂಸಾರ ಕೋಣೆ ಅಂದದ್ದು, ನನ್ನ "ಮರಿಕೋಶ" ಕೇಳಿ ನಕ್ಕದ್ದು, ಎಲ್ಲ ಆ ಪಟ್ಟಿಯಲ್ಲಿತ್ತು. ಪಟ್ಟಿಯೂ ಆ ಹಸಿರು ಚೂರಿನಲ್ಲೇ. ಮೇಲಿನಲ್ಲಿ ಪಟ್ಟಿ ಕೊಡುತ್ತೇನೆ ಅಂತ ಬರೆಯುವಾಗ ಅದು ನೆನಪಿಗೇ ಬಂದಿರಲಿಲ್ಲ. ವಾಕ್ಯ ಮತ್ತೆ ಬರೆಯಬಹುದು. ಆ ಪದಗಳಿಗೆ ಮಾಮನ ಮನೆಗೆ ಮತ್ತೆ ಹೋಗಬೇಕು.

ಸೋಮವಾರ ಸಂಜೆ ಐದಕ್ಕೆ ಒಂಬತ್ತು ಕೊಡ್ತೇನೆ ಅಂದೆ. 1,600 ಪದ. ಡಿಸ್ಕ್ ತೆರೆಯದಿದ್ದರೂ ಒಂದೂವರೆ ದಿನದಲ್ಲಿ ಆಗುವಂಥದ್ದು, ಅಷ್ಟು ಲೆಕ್ಕ ಹಾಕಿಯೇ ಹೇಳಿದೆ. ಮನೆಗೆ ಬಂದು ಈ ಮಾತನ್ನೂ ಮೇಲಿನಲ್ಲಿ ಬರೆದು ಕಳಿಸಿದೆ, "ಒಪ್ಪಿಗೆ" ಅಂತ ಅವರಿಂದ ಒಂದು ಸಾಲು ಬರೆಸಿಕೊಂಡೆ. ಫೋನಿನ ಮಾತಿಗೆ ಸಾಕ್ಷಿ ಇಲ್ಲ ಎಂಬುದಕ್ಕೆ ಮಾತ್ರ ಅಲ್ಲ. ಬೆಳ್ತಂಗಡಿಯಲ್ಲಿ ವಕೀಲಿಕೆ ಮಾಡುವ ಗೆಳತಿ ಆಮೇಲೆ ಹೇಳಿದಳು: ಸಮಯವೇ ಮುಖ್ಯವಾದ ಒಪ್ಪಂದದಲ್ಲಿ ಸಮಯ ತಪ್ಪಿದರೆ ಒಪ್ಪಂದ ರದ್ದು ಮಾಡುವ ಹಕ್ಕು ಕೆಲಸ ಕೊಟ್ಟವರಿಗಿದೆ, 1872ರ ಕರಾರು ಕಾಯಿದೆಯ 55ನೇ ಕಲಮು, ಅವರೇ ಸಮಯ ಮುಂದೆ ಹಾಕಬಹುದು ಎನ್ನುವುದು 63ನೇ ಕಲಮು. ಆ "ಒಪ್ಪಿಗೆ" ಎಂಬ ಒಂದು ಪದದಿಂದ ಗುರುವಾರ ನನ್ನ ಹೊಸ ತಾರೀಕಾಯಿತು.

ಶುಕ್ರವಾರ ಸಂಜೆ ದೊಡ್ಡಪ್ಪನ ಮಗಳ ಲ್ಯಾಪ್‌ಟಾಪ್ ಬಂತು. ಪೆಟ್ಟಿಗೆಯಲ್ಲಿ ಡಿಸ್ಕ್ ಕೂರಿಸಿ ಹಚ್ಚಿದೆ. ಡಿಸ್ಕ್ ಕಾಣಿಸಿತು! ಅಮ್ಮನನ್ನು ಕೂಗಿದೆ. ಅಮ್ಮ ಬರುವಷ್ಟರಲ್ಲಿ ಡಿಸ್ಕಿನ ಚಿತ್ರದ ಮೇಲಿದ್ದ ಬೀಗ ಕಣ್ಣಿಗೆ ಬಿತ್ತು. ಬಿಟ್‌ಲಾಕರ್. 48 ಅಂಕಿಯ ರಿಕವರಿ ಕೀ ಕೊಡಿ ಅಂತ ಕೇಳುತ್ತಿದೆ.

ನಾನು ಯಾವತ್ತೂ ಬೀಗ ಹಾಕಿರಲಿಲ್ಲ. ಆದರೆ ಇತ್ತೀಚಿನ ಬಹಳಷ್ಟು ವಿಂಡೋಸ್ ಲ್ಯಾಪ್‌ಟಾಪುಗಳು ಮೊದಲ ಸಲ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರುಮಾಡಿದಾಗಲೇ ಡಿಸ್ಕಿಗೆ ತಾವೇ ಬೀಗ ಹಾಕಿಕೊಳ್ಳುತ್ತವೆ. ದಿನನಿತ್ಯ ಅದನ್ನು ತೆರೆಯುವುದು ಬೋರ್ಡಿನ ಮೇಲಿರುವ ಒಂದು ಚಿಪ್, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ನನ್ನ ಬೋರ್ಡ್ ಸುಟ್ಟು ಮಂಗಳೂರಿನ ದಾರಿಯಲ್ಲಿತ್ತು. ಲ್ಯಾಪ್‌ಟಾಪ್ ಕಳ್ಳನ ಕೈಗೆ ಸಿಕ್ಕಿದರೆ ಇದು ಒಳ್ಳೆಯ ವ್ಯವಸ್ಥೆಯೇ. ಆ ಹೊತ್ತಿಗೆ ಕಳ್ಳಿ ನಾನೇ ಆಗಿದ್ದೆ.

ಎರಡನೇ ಬೀಗದ ಕೈ ಅಕೌಂಟಿನಲ್ಲಿ ಇಟ್ಟಿರುತ್ತಾರೆ, aka.ms/myrecoverykey ಎಂಬ ವಿಳಾಸದಲ್ಲಿ ಲಾಗಿನ್ ಆದರೆ ತೋರಿಸುತ್ತದೆ. ಲಾಗಿನ್ ಆದೆ. ನನ್ನ ಅಕೌಂಟಿನಲ್ಲಿ ಯಾವ ಕೀಯೂ ಇಲ್ಲ. ಹಳೆಯ ಕಾಲೇಜಿನ ಇಮೇಲಿನಲ್ಲಿ ನೋಡಿದೆ, ಅಲ್ಲೂ ಇಲ್ಲ. ಒಂಬತ್ತೂವರೆಗೆ ಊಟ ಮಾಡದೆ ಕೂತಿದ್ದಾಗ ಅಮ್ಮ ಬಂದು, "ಅದು ಅಣ್ಣ ತಂದದ್ದಲ್ವಾ, ಅವನಿಗೆ ಕೇಳು" ಅಂದರು. ಅಮ್ಮನ ಪ್ರಕಾರ ತಂದವನೇ ಜವಾಬ್ದಾರ, ಟೆಕ್ನಿಕಲ್ ವಿಷಯ ಏನೂ ಅಲ್ಲ. ಆದರೆ ನನಗೆ ಜುಮ್ಮೆಂದಿತು. ಆ ಲ್ಯಾಪ್‌ಟಾಪ್ ಅಣ್ಣ ಮೈಸೂರಿನಲ್ಲಿ ಕೊಂಡು, ಅವನೇ ಶುರುಮಾಡಿ, ದೀಪಾವಳಿಗೆ ಬರುವಾಗ ತಂದುಕೊಟ್ಟದ್ದು. ಶುರುಮಾಡಿದ್ದು ಅವನ ಅಕೌಂಟಿನಲ್ಲಿ.

ಅಣ್ಣ ಲಾಗಿನ್ ಆದ. ಅವನ ಅಕೌಂಟಿನಲ್ಲಿ ಮೂರು ಕೀ ಇದ್ದವು. ಪರದೆಯಲ್ಲಿ ನನಗೆ ಕಾಣುತ್ತಿದ್ದ ಕೀ ಐಡಿಯ ಮೊದಲ ಎಂಟು ಅಕ್ಷರ ಓದಿದೆ, ಅವನು ಅದಕ್ಕೆ ಹೊಂದುವುದನ್ನು ಹುಡುಕಿದ. ಮೂರನೆಯದು. ವಾಟ್ಸಾಪಿನಲ್ಲಿ ಕಳಿಸು ಅಂದರೆ ನಮ್ಮಲ್ಲಿ ಮಳೆಗೆ ಇಂಟರ್‌ನೆಟ್ ಇಲ್ಲ. ಬಾಯಲ್ಲೇ ಓದಿದ. ಆರಾರು ಅಂಕಿಯ ಎಂಟು ಗುಂಪು. ನಾನು ಹೇಳುವುದನ್ನು ಅಪ್ಪ ಪಂಚಾಂಗದ ಹಿಂದೆ ಬರೆದುಕೊಂಡರು, ಮತ್ತೆ ಪೂರ್ತಿ ಓದಿ ತಾಳೆ ನೋಡಿದೆವು. ನಡುವೆ ಎರಡು ಸಲ ಫೋನ್ ಕಟ್ಟಾಯಿತು. ಕೊನೆಯ ಆರು ಒತ್ತಿ ಎಂಟರ್ ಹೊಡೆದಾಗ ಬೀಗ ತೆರೆದುಕೊಂಡಿತು.

ನಾನು ಅನುವಾದಕ್ಕೆ ಬಳಸುವುದು ಒಮೇಗಾಟಿ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಅನುವಾದಿಸಿದ ಪ್ರತಿ ವಾಕ್ಯವೂ `project_save.tmx` ಎಂಬ ಒಂದೇ ಫೈಲಿಗೆ ಹೋಗುತ್ತದೆ, ಕೆಲವು ನಿಮಿಷಕ್ಕೊಮ್ಮೆ ತಾನೇ ಉಳಿಸಿಕೊಳ್ಳುತ್ತದೆ. ಗುರುವಾರ ಸಿಡಿಲಿಗೆ ಸ್ವಲ್ಪ ಮೊದಲಿನವರೆಗಿನ ಎಲ್ಲವೂ ಇತ್ತು. ಕೊನೆಯ ಪ್ಯಾರಾ ಮಾತ್ರ ಇಲ್ಲ, ಯಾವುದಕ್ಕಾಗಿ ಐದು ನಿಮಿಷ ಕೇಳಿದ್ದೆನೋ ಅದು. ಮೊದಲು ಆ ಫೈಲನ್ನೂ ಪದಪಟ್ಟಿಯನ್ನೂ ಪೆನ್‌ಡ್ರೈವಿಗೆ ಹಾಕಿದೆ, ಆಮೇಲೆ ಊಟ ಮಾಡಿದೆ.

ಶನಿವಾರ ಬೆಳಿಗ್ಗೆ ಎಂಟಕ್ಕೇ ಮೇಡಂಗೆ ಬರೆದೆ: "ಡಿಸ್ಕ್ ತೆರೆದಿದೆ. ಗುರುವಾರ 10ಕ್ಕೆ ಪೂರ್ತಿ. ಒಂಬತ್ತನೇ ಅಧ್ಯಾಯ ಇವತ್ತೇ ಸಂಜೆ." ಜೊತೆಗೆ 5ರಿಂದ 8, ಕೊನೆಯ ಓದು ಆಗದ ಪ್ರತಿ ಎಂಬ ಸೂಚನೆಯೊಂದಿಗೆ. ಹೆಬ್ಬೆರಳಿನ ಚಿತ್ರ ಒಂದು ಬಂತು. ಮಂಗಳವಾರ ಸಂಜೆ ಮತ್ತೆ ಗುಡುಗಿ ಎರಡು ಗಂಟೆ ಹೋಯಿತು. ಮೂರು ದಿನ ಅಂತ ಬರೆದದ್ದು ಸರಿಯಾಗಿ ಮೂರು ದಿನವೇ ಹಿಡಿಯಿತು. ಗುರುವಾರ ಒಂಬತ್ತೂ ಐವತ್ತಕ್ಕೆ ಕಳಿಸಿದೆ.

ಮೇಡಂ ಹಣ ಕಡಿತ ಮಾಡಲಿಲ್ಲ. ಆದರೆ ಎರಡು ತಿಂಗಳ ಮೇಲೆ ಬಂದ ಮುಂದಿನ ಕೆಲಸದ ಆರ್ಡರಿನಲ್ಲಿ ಹೊಸದೊಂದು ಸಾಲು ಸೇರಿಸಿದ್ದರು: "ಪ್ರತಿ ಶುಕ್ರವಾರ ಸಂಜೆ 5ರ ಒಳಗೆ ಅಲ್ಲಿಯವರೆಗಿನ ಕೆಲಸದ ಪ್ರತಿ ಕಳಿಸತಕ್ಕದ್ದು." ಸ್ವಲ್ಪ ಚುಚ್ಚಿತು. ಸಹಿ ಹಾಕಿದೆ.

ಈಗ ಶುಕ್ರವಾರ ನಾಲ್ಕಕ್ಕೇ ಕಳಿಸಿಬಿಡುತ್ತೇನೆ, ಐದಕ್ಕೆ ನಮ್ಮಲ್ಲಿ ಏನಾಗುತ್ತದೆ ಅಂತ ಹೇಳಿದೆನಲ್ಲ. ಹೊಸ ಬ್ಯಾಟರಿ ಹಾಕಿಸಿದ್ದೇನೆ, ನಾಲ್ಕು ಗಂಟೆ ಬರುತ್ತದೆ. 48 ಅಂಕಿಯ ಆ ಪಂಚಾಂಗದ ಹಾಳೆ ವರ್ಷ ಮುಗಿದರೂ ಅಪ್ಪ ಎಸೆದಿಲ್ಲ, ಕಪಾಟಿನಲ್ಲಿ ತೋಟದ ಆರ್‌ಟಿಸಿಯ ಜೊತೆ ಉಂಟು. ಮೊದಲ ಗುಡುಗಿಗೆ ಅವರು ಬಾಗಿಲಿಗೆ ಬಂದು ಹೇಳುವುದಿಲ್ಲ. ಸೀದಾ ಒಳಗೆ ಬಂದು ಪ್ಲಗ್ ಎಳೆದುಕೊಂಡು ಹೋಗುತ್ತಾರೆ.